ತಿಂಗಳಿಗೆ 3,000 ಕಟ್ಟಿದರೆ 15 ವರ್ಷಕ್ಕೆ ಎಷ್ಟು? ಆ್ಯಪ್ ಹೇಳುವ ಲೆಕ್ಕವನ್ನು ನಾವೇ ಮಾಡಿ ನೋಡೋಣ

ಚನ್ನರಾಯಪಟ್ಟಣ ಕಡೆಯ ಒಬ್ಬ ಯುವ ರೈತ ಹೋದ ವಾರ ನನಗೊಂದು ಸ್ಕ್ರೀನ್‌ಶಾಟ್ ಕಳಿಸಿದ್ದ. ಅವನ ಮನೆಯಲ್ಲಿ ಎರಡು ಹಸು, ಒಂದೂವರೆ ಎಕರೆ ತೆಂಗು, ಮೂರು ವರ್ಷದ ಮಗಳು. ಡೈರಿ ಬಟವಾಡೆಯಿಂದ ತಿಂಗಳಿಗೆ 3,000 ರೂಪಾಯಿ ತೆಗೆದು ಮ್ಯೂಚುವಲ್ ಫಂಡ್‌ಗೆ ಕಟ್ಟಬೇಕು ಅಂತ ಅವನ ಯೋಚನೆ. ಆ್ಯಪ್‌ನಲ್ಲಿ 3,000 ರೂಪಾಯಿ, 15 ವರ್ಷ, ಶೇ 12 ಅಂತ ಒತ್ತಿದ್ದಕ್ಕೆ 15,13,728 ರೂಪಾಯಿ ಅಂತ ಬಂದಿದೆ. ಕೆಳಗೆ ಒಂದೇ ಪ್ರಶ್ನೆ: "ಅಣ್ಣಾ, ಮಗಳು ಕಾಲೇಜಿಗೆ ಹೋಗೋ ಹೊತ್ತಿಗೆ ಇಷ್ಟು ಬರುತ್ತಾ?"

ಈ ಪ್ರಶ್ನೆ ನಿಮ್ಮಲ್ಲಿ ತುಂಬಾ ಜನಕ್ಕೆ ಇದೆ ಅಂತ ಗೊತ್ತು. ಅದಕ್ಕೇ ಈ ವಾರ ಗೊಬ್ಬರ, ಕೀಟದ ವಿಷಯ ಬದಿಗಿಟ್ಟು ಈ ಒಂದು ಸಂಖ್ಯೆಯನ್ನೇ ಬಿಡಿಸೋಣ. ಯಾವ ಫಂಡ್ ಒಳ್ಳೆಯದು ಅನ್ನೋದು ಇಲ್ಲಿನ ವಿಷಯ ಅಲ್ಲ. ಸಂಖ್ಯೆ ಎಲ್ಲಿಂದ ಬರುತ್ತೆ, ಅದರಲ್ಲಿ ಎಷ್ಟನ್ನು ನಂಬಬಹುದು, ಮನೆ ಲೆಕ್ಕಕ್ಕೆ ಅದನ್ನು ಹೇಗೆ ಬಳಸಬೇಕು ಅನ್ನೋದಷ್ಟೇ ವಿಷಯ.

ಮೊದಲು ಒಂದು ವರ್ಷದ ಲೆಕ್ಕ

15 ವರ್ಷ ಅಂದರೆ 180 ಕಂತು. ಅಷ್ಟನ್ನು ಒಟ್ಟಿಗೆ ನೋಡಿದರೆ ತಲೆ ಸುತ್ತುತ್ತೆ. ಅದಕ್ಕೆ ಒಂದು ವರ್ಷದ 12 ಕಂತು ಮಾತ್ರ ನೋಡೋಣ. ವರ್ಷಕ್ಕೆ ಶೇ 12 ಅಂದರೆ ತಿಂಗಳಿಗೆ ಶೇ 1 ಅಂತ ಸದ್ಯಕ್ಕೆ ಇಟ್ಟುಕೊಳ್ಳಿ.

ಮೊದಲ ತಿಂಗಳು ಕಟ್ಟಿದ 3,000 ರೂಪಾಯಿ ಪೂರ್ತಿ 12 ತಿಂಗಳು ಬೆಳೆಯುತ್ತೆ, ವರ್ಷದ ಕೊನೆಗೆ ಸುಮಾರು 3,380 ಆಗುತ್ತೆ. ಎರಡನೇ ಕಂತಿಗೆ 11 ತಿಂಗಳು ಸಿಗುತ್ತೆ. ಹೀಗೆ ಇಳಿಯುತ್ತಾ ಕೊನೆಯ ಕಂತಿಗೆ ಒಂದೇ ತಿಂಗಳು, ಅದು 3,030 ಆಗುತ್ತೆ. ಹನ್ನೆರಡನ್ನೂ ಕೂಡಿದರೆ 38,428 ರೂಪಾಯಿ. ನೀವು ಕಟ್ಟಿದ್ದು 36,000, ಬೆಳೆದದ್ದು 2,428.

ಇಲ್ಲೇ ಹಲವರಿಗೆ ಅನುಮಾನ ಬರುತ್ತೆ. "36,000ಕ್ಕೆ ಶೇ 12 ಅಂದರೆ 4,320 ಬರಬೇಕಿತ್ತಲ್ಲ, ಅರ್ಧಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ ಬಂತಲ್ಲ?" ಅಂತ. ಮೋಸ ಏನೂ ಇಲ್ಲ. ನಿಮ್ಮ 36,000 ವರ್ಷಪೂರ್ತಿ ಅಲ್ಲಿ ಇರಲೇ ಇಲ್ಲ. ಸರಾಸರಿ ತೆಗೆದರೆ ಪ್ರತಿ ಕಂತೂ ಆರೂವರೆ ತಿಂಗಳು ಮಾತ್ರ ಇತ್ತು. ಒಂದೇ ದಿನ 12 ಸಸಿ ನೆಟ್ಟದ್ದಕ್ಕೂ ತಿಂಗಳಿಗೊಂದು ಸಸಿ ನೆಟ್ಟದ್ದಕ್ಕೂ ವರ್ಷದ ಕೊನೆಯಲ್ಲಿ ಇರುವ ವ್ಯತ್ಯಾಸವೇ ಇದು.

ಇದೇ ಲೆಕ್ಕವನ್ನು ಎಷ್ಟು ಕಂತಿಗಾದರೂ ಒಂದೇ ಸಾಲಿನಲ್ಲಿ ಬರೆಯಬಹುದು:

```
FV = P × [ ((1 + i)^n − 1) / i ] × (1 + i)
```

ಇಲ್ಲಿ `P` ಅಂದರೆ ತಿಂಗಳ ಕಂತು, `i` ಅಂದರೆ ತಿಂಗಳ ಬೆಳವಣಿಗೆಯ ದರ, `n` ಅಂದರೆ ಒಟ್ಟು ಕಂತುಗಳು, `FV` ಅಂದರೆ ಕೊನೆಯಲ್ಲಿ ಸಿಗುವ ಮೊತ್ತ. ಕೊನೆಗೆ `(1 + i)` ಯಾಕೆ ಅಂದರೆ, ಕಂತನ್ನು ತಿಂಗಳ ಶುರುವಿನಲ್ಲೇ ಕಟ್ಟುತ್ತೀವಿ, ಹಾಗಾಗಿ ಪ್ರತಿ ಕಂತಿಗೂ ಒಂದು ತಿಂಗಳು ಹೆಚ್ಚು ಸಿಗುತ್ತೆ. 3,000, 0.01, 180 ಹಾಕಿ ನೋಡಿ, ಸ್ಕ್ರೀನ್‌ಶಾಟ್‌ನಲ್ಲಿದ್ದ 15,13,728 ಬರುತ್ತೆ. ಆ್ಯಪ್ ಮಾಡಿದ್ದು ಇಷ್ಟೇ. ಅದಕ್ಕೆ ಮಾರುಕಟ್ಟೆ ಗೊತ್ತಿಲ್ಲ, ನಿಮ್ಮ ಫಂಡ್ ಕೂಡ ಗೊತ್ತಿಲ್ಲ. ನೀವು ಕೊಟ್ಟ ಮೂರು ಅಂಕಿಯನ್ನು ಗುಣಿಸಿ ಕೊಟ್ಟಿದೆ.

ಎರಡು ಆ್ಯಪ್, ಎರಡು ಉತ್ತರ

ಇನ್ನೊಂದು ಆ್ಯಪ್‌ನಲ್ಲಿ ಇದೇ ಅಂಕಿ ಕೊಟ್ಟರೆ 14,27,800ರ ಆಸುಪಾಸು ಬರಬಹುದು. ಅದೇ 3,000, ಅದೇ ಶೇ 12, ಅದೇ 15 ವರ್ಷ, ಆದರೆ ಸುಮಾರು 86,000 ರೂಪಾಯಿ ಕಡಿಮೆ! ಯಾವುದು ಸರಿ?

ವ್ಯತ್ಯಾಸ ಇರೋದು ವರ್ಷದ ದರವನ್ನು ತಿಂಗಳ ದರ ಮಾಡುವ ರೀತಿಯಲ್ಲಿ. ಮೊದಲ ಆ್ಯಪ್ 12ನ್ನು 12ರಿಂದ ಭಾಗಿಸಿ ತಿಂಗಳಿಗೆ ಶೇ 1 ಅಂತ ಹಿಡಿದಿದೆ. ಆದರೆ ತಿಂಗಳಿಗೆ ಶೇ 1ರಂತೆ ಚಕ್ರಬಡ್ಡಿಯಲ್ಲಿ ಬೆಳೆದರೆ ವರ್ಷಕ್ಕೆ ಶೇ 12 ಆಗಲ್ಲ, ಶೇ 12.68 ಆಗುತ್ತೆ. ಎರಡನೇ ಆ್ಯಪ್ ವರ್ಷದ ಕೊನೆಗೆ ಸರಿಯಾಗಿ ಶೇ 12 ಆಗುವಂಥ ತಿಂಗಳ ದರವನ್ನು ಹಿಡಿದಿದೆ, ಅದು ಶೇ 0.949. ಒಂದು ವರ್ಷಕ್ಕೆ ಈ ಸಣ್ಣ ವ್ಯತ್ಯಾಸ ಕಾಣೋದೇ ಇಲ್ಲ. 15 ವರ್ಷಕ್ಕೆ ಒಂದು ಹಸುವಿನ ಬೆಲೆಯಷ್ಟಾಗುತ್ತೆ.

ಫಂಡ್‌ಗಳು ಐದು ವರ್ಷ, ಹತ್ತು ವರ್ಷದ ಫಲಿತಾಂಶ ಹೇಳುವಾಗ ವರ್ಷದಿಂದ ವರ್ಷಕ್ಕೆ ಚಕ್ರವಾಗಿ ಬೆಳೆದ ದರವನ್ನೇ ಹೇಳುತ್ತವೆ. ಹಾಗಾಗಿ ನೀವು "ವರ್ಷಕ್ಕೆ ಶೇ 12" ಅಂದುಕೊಂಡಾಗ ಅದಕ್ಕೆ ಹೊಂದುವುದು ಎರಡನೇ ಲೆಕ್ಕ. ನಿಮ್ಮ ಆ್ಯಪ್ ಯಾವ ರೀತಿ ಮಾಡುತ್ತೆ ಅಂತ ತಿಳಿಯೋಕೆ ಸುಲಭ ದಾರಿ ಇದೆ. 3,000 ರೂಪಾಯಿ, 1 ವರ್ಷ, ಶೇ 12 ಅಂತ ಹಾಕಿ. 38,428 ಬಂದರೆ ಮೊದಲ ರೀತಿ, 38,300ರ ಆಸುಪಾಸು ಬಂದರೆ ಎರಡನೇ ರೀತಿ.

ಇದಕ್ಕಿಂತ ಒಳ್ಳೆಯದು, ಮೊಬೈಲ್‌ನ ಗೂಗಲ್ ಶೀಟ್ಸ್‌ನಲ್ಲಿ ನೀವೇ ಮಾಡಿಕೊಳ್ಳಿ. ಒಂದು ಖಾಲಿ ಚೌಕದಲ್ಲಿ ಇದನ್ನು ಟೈಪ್ ಮಾಡಿ:

```
=FV(1.12^(1/12)-1,180,-3000,0,1)
```

`1.12` ಇರುವ ಕಡೆ ದರ ಬದಲಾಯಿಸಬಹುದು. ಶೇ 10 ಬೇಕಾದರೆ `1.10` ಅಂತ ಹಾಕಿ. 3000ದ ಹಿಂದೆ ಇರುವ ಮೈನಸ್ ಗುರುತು ದುಡ್ಡು ನಿಮ್ಮ ಜೇಬಿನಿಂದ ಹೋಗುತ್ತಿದೆ ಅಂತ ಹೇಳೋಕೆ. ಕೊನೆಯ 1 ಅಂದರೆ ತಿಂಗಳ ಶುರುವಿನಲ್ಲಿ ಕಟ್ಟುತ್ತೀವಿ ಅಂತ. ಇನ್ನು ಮುಂದೆ ಈ ಲೇಖನದಲ್ಲಿ ಬರುವ ಎಲ್ಲ ಅಂಕಿಯೂ ಈ ರೀತಿಯ ಲೆಕ್ಕದ್ದೇ.

ಶೇ 12 ಅಂತ ಹೇಳಿದ್ದು ಯಾರು?

ಆ ಹುಡುಗನನ್ನು ನಾನು ಕೇಳಿದ್ದು ಇದನ್ನೇ. "ಆ್ಯಪ್‌ನಲ್ಲೇ ಇತ್ತಣ್ಣ" ಅಂದ. ಹೌದು, ಆ್ಯಪ್ ತೆರೆದಾಗ ಅಲ್ಲಿ ಮೊದಲೇ ಒಂದು ಅಂಕಿ ಕೂತಿರುತ್ತೆ. ನಾವು ಮೊತ್ತ ಮತ್ತು ವರ್ಷ ಮಾತ್ರ ಬದಲಾಯಿಸಿ ದರವನ್ನು ಹಾಗೇ ಬಿಡ್ತೀವಿ. ಆದರೆ ಉತ್ತರವನ್ನು ಜಾಸ್ತಿ ಅಲ್ಲಾಡಿಸೋದು ಆ ದರವೇ.

ತಿಂಗಳಿಗೆ ಒಂದು ರೂಪಾಯಿ ಕಟ್ಟಿದರೆ 15 ವರ್ಷಕ್ಕೆ ಎಷ್ಟಾಗುತ್ತೆ ಅಂತ ನೆನಪಿಟ್ಟುಕೊಂಡರೆ ಸಾಕು. ವರ್ಷಕ್ಕೆ ಶೇ 8 ಬೆಳೆದರೆ 340 ರೂಪಾಯಿ, ಶೇ 10 ಆದರೆ 402, ಶೇ 12 ಆದರೆ 476. ಕಟ್ಟಿದ್ದು ಮೂರರಲ್ಲೂ 180 ರೂಪಾಯಿಯೇ. ಇವನ್ನು ನಿಮ್ಮ ಕಂತಿನಿಂದ ಗುಣಿಸಿ. ನಮ್ಮ ಹುಡುಗನ 3,000ಕ್ಕೆ ಕ್ರಮವಾಗಿ 10.19 ಲಕ್ಷ, 12.05 ಲಕ್ಷ, 14.28 ಲಕ್ಷ ಬರುತ್ತೆ. ಕಟ್ಟಿದ ಒಟ್ಟು ಮೊತ್ತ 5.40 ಲಕ್ಷ.

ನೋಡಿ, ಕೆಳಗಿನದಕ್ಕೂ ಮೇಲಿನದಕ್ಕೂ ನಾಲ್ಕು ಲಕ್ಷ ವ್ಯತ್ಯಾಸ. ಹಾಗಾಗಿ ಉತ್ತರವನ್ನು ಒಂದು ಸಂಖ್ಯೆಯಾಗಿ ಹೇಳದೆ "ಹತ್ತರಿಂದ ಹದಿನಾಲ್ಕು ಲಕ್ಷದ ನಡುವೆ, ಅದಕ್ಕಿಂತ ಕೆಳಗೂ ಇಳಿಯಬಹುದು" ಅಂತ ಹೇಳೋದೇ ಪ್ರಾಮಾಣಿಕ. ತೋಟಗಾರಿಕೆ ಓದುವಾಗ ನಮಗೆ ಇಳುವರಿ ಅಂದಾಜು ಮಾಡೋದು ಕಲಿಸಿದ್ದರು. ಕೆಲವು ಗಿಡ ಆರಿಸಿ, ಕಾಯಿ ಎಣಿಸಿ, ಸರಾಸರಿ ತೂಕದಿಂದ ಗುಣಿಸಿ, ಎಕರೆಗೆ ಹಿಗ್ಗಿಸೋದು. ಗುಣಾಕಾರ ಎಷ್ಟೇ ಸರಿ ಇದ್ದರೂ ಮೊದಲು ಆರಿಸಿದ ಗಿಡಗಳು ತೋಟದ ಅತ್ಯುತ್ತಮ ಗಿಡಗಳಾಗಿದ್ದರೆ ಅಂದಾಜು ಕೆಡುತ್ತೆ. ಇಲ್ಲೂ ಹಾಗೇ. ಕಳೆದ ಮೂರು ವರ್ಷ ಚೆನ್ನಾಗಿ ಏರಿದ ಫಂಡ್‌ನ ದರ ತಂದು 15 ವರ್ಷಕ್ಕೆ ಹಾಕೋದು ಅತ್ಯುತ್ತಮ ಗಿಡದ ಕಾಯಿ ಎಣಿಸಿದ ಹಾಗೆ.

ನನ್ನ ಸಲಹೆ: ಷೇರು ಆಧಾರಿತ ಫಂಡ್‌ಗೆ ಶೇ 10 ಹಾಕಿ ಯೋಜನೆ ಮಾಡಿ, ಶೇ 8 ಬಂದರೂ ಮನೆ ನಡೆಯುತ್ತಾ ಅಂತ ನೋಡಿ, ಶೇ 12ನ್ನು ಲೆಕ್ಕಕ್ಕೇ ತಗೋಬೇಡಿ. ಬಂದರೆ ಬರಲಿ.

ಬೀಳುವುದು ಯಾವಾಗ ಅನ್ನೋದು ಮುಖ್ಯ

ಸೂತ್ರ ಪ್ರತಿ ತಿಂಗಳೂ ಒಂದೇ ಸಮ ಬೆಳೆಯುತ್ತೆ ಅಂತ ಹಿಡಿಯುತ್ತೆ. ಮಾರುಕಟ್ಟೆ ಹಾಗೆ ನಡೆಯಲ್ಲ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್ ಹೊತ್ತಿಗೆ 8,200ಕ್ಕಿಂತ ಕೆಳಗೆ ಬಂದಿತ್ತು. 2020ರ ಮಾರ್ಚ್‌ನಲ್ಲಿ ಕೆಲವೇ ವಾರಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಎರಡೂ ಸಲ ಆಮೇಲೆ ಏರಿತು, ನಿಜ. ಆದರೆ ನಿಮಗೆ ದುಡ್ಡು ಬೇಕಾದ ದಿನ ಮಾರುಕಟ್ಟೆ ಎಲ್ಲಿರುತ್ತೆ ಅನ್ನೋದು ಬೇರೆ ಮಾತು.

ತಿಂಗಳ ಕಂತಿನಲ್ಲಿ ಇದರ ಪರಿಣಾಮ ವಿಚಿತ್ರವಾಗಿದೆ. ಎರಡು ಸಂದರ್ಭ ನೋಡಿ. ಎರಡರಲ್ಲೂ 14 ವರ್ಷ ಶೇ 12 ಬೆಳವಣಿಗೆ, ಒಂದು ವರ್ಷ ಮಾತ್ರ ಶೇ 30 ಕುಸಿತ. ಆ ಕುಸಿತ ಮೊದಲ ವರ್ಷವೇ ಆಯಿತು ಅಂದುಕೊಳ್ಳಿ. ಆಗ ನಿಮ್ಮದು ಅಲ್ಲಿ ಇರೋದೇ 36,000, ಅದು 30,000ದ ಹತ್ತಿರ ಇಳಿಯುತ್ತೆ. ಉಳಿದ 14 ವರ್ಷ ಬೆಳೆದು ಕೊನೆಗೆ 13.86 ಲಕ್ಷ ಕೈಗೆ ಬರುತ್ತೆ. ಅದೇ ಕುಸಿತ ಕೊನೆಯ ವರ್ಷ ಆಯಿತು ಅಂದುಕೊಳ್ಳಿ. 14 ವರ್ಷಕ್ಕೆ ಕೂಡಿದ 12.41 ಲಕ್ಷ ಅಷ್ಟೂ ಒಟ್ಟಿಗೆ ಏಟು ತಿನ್ನುತ್ತೆ. ಕೊನೆಗೆ ಉಳಿಯೋದು 8.98 ಲಕ್ಷ.

ಕುಸಿತ ಅಷ್ಟೇ, ಕಂತು ಅಷ್ಟೇ, ಆದರೆ ಐದು ಲಕ್ಷದ ಹತ್ತಿರ ವ್ಯತ್ಯಾಸ. ದ್ರಾಕ್ಷಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಚಾಟನಿ ಆದ ಮಾರನೇ ದಿನ ಆಲಿಕಲ್ಲು ಬಿದ್ದರೆ ಒಂದು ಲೆಕ್ಕ, ಗೊಂಚಲು ಸಿಹಿ ಕಟ್ಟಿದ ಮೇಲೆ ಬಿದ್ದರೆ ಬೇರೆಯೇ ಲೆಕ್ಕ.

ಇದರಿಂದ ಕಲಿಯಬೇಕಾದ್ದು ಎರಡು. ಶುರುವಿನ ವರ್ಷಗಳಲ್ಲಿ ಬಿದ್ದಾಗ ಹೆದರಿ ನಿಲ್ಲಿಸಬೇಡಿ, ಆಗ ಕಳೆದುಕೊಳ್ಳೋದು ಕಡಿಮೆ. ಕೊನೆಯ ಎರಡು ಮೂರು ವರ್ಷದಲ್ಲಿ, ಅಂದರೆ ಮಗಳು ಹೈಸ್ಕೂಲ್ ಮುಗಿಸೋ ಹೊತ್ತಿನಿಂದ, ದುಡ್ಡನ್ನು ಸ್ವಲ್ಪ ಸ್ವಲ್ಪವಾಗಿ ಷೇರು ಫಂಡ್‌ನಿಂದ ತೆಗೆದು ಬ್ಯಾಂಕ್ ಠೇವಣಿಗೆ ಹಾಕ್ತಾ ಬನ್ನಿ. ಹಾಗೆ ಮಾಡಿದರೆ ಕೊನೆಯ ವರ್ಷಗಳ ಬೆಳವಣಿಗೆ ಕಡಿಮೆ ಆಗುತ್ತೆ. ಶೇ 12 ಬಿಟ್ಟು ಶೇ 10 ಹಿಡಿಯಿರಿ ಅಂತ ನಾನು ಹೇಳೋಕೆ ಇದೂ ಒಂದು ಕಾರಣ.

ಆಗಿನ ಹತ್ತು ಲಕ್ಷ ಈಗಿನ ಎಷ್ಟು?

ಕಾಲೇಜಿಗೆ ಎಷ್ಟು ಬೇಕು ಅಂತ ಹುಡುಗನನ್ನು ಕೇಳಿದೆ. ಅವನ ಅಕ್ಕನ ಮಗ ಓದುತ್ತಿರುವ ಕೋರ್ಸ್‌ಗೆ ಹಾಸ್ಟೆಲ್ ಸೇರಿ ಒಟ್ಟು ನಾಲ್ಕು ಲಕ್ಷ ಆಗುತ್ತಂತೆ. "ಹದಿನೈದು ಲಕ್ಷ ಬಂದರೆ ಇನ್ನೂ ಹನ್ನೊಂದು ಉಳಿಯುತ್ತಲ್ಲಣ್ಣ" ಅಂತ ಅವನ ಲೆಕ್ಕ.

ಉಳಿಯಲ್ಲ. ನಾಲ್ಕು ಲಕ್ಷ ಈಗಿನ ಬೆಲೆ, ಹದಿನೈದು ಲಕ್ಷ 15 ವರ್ಷದ ನಂತರದ ದುಡ್ಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಖರ್ಚು ವರ್ಷಕ್ಕೆ ಶೇ 6ರಂತೆ ಏರಿದರೆ 15 ವರ್ಷಕ್ಕೆ ಸುಮಾರು 2.4 ಪಟ್ಟು ಆಗುತ್ತೆ, ಆಗ ನಾಲ್ಕು ಲಕ್ಷದ ಕೋರ್ಸ್‌ಗೆ 9.6 ಲಕ್ಷ ಬೇಕು. ಫೀಸು, ಹಾಸ್ಟೆಲ್ ಶೇ 8ರಂತೆ ಏರಿದರೆ 12.69 ಲಕ್ಷ ಬೇಕು. ಇದನ್ನು ಕಂಡುಹಿಡಿಯೋಕೆ ಕ್ಯಾಲ್ಕುಲೇಟರ್‌ನಲ್ಲಿ 4,00,000ವನ್ನು 1.08ರಿಂದ ಹದಿನೈದು ಸಲ ಗುಣಿಸಿದರೆ ಸಾಕು.

ಶಿಕ್ಷಣದ ಖರ್ಚಿಗೆ ಶೇ 8 ಇಟ್ಟುಕೊಳ್ಳೋಣ. ಗುರಿ 12.69 ಲಕ್ಷ. ಈಗ ಲೆಕ್ಕವನ್ನು ತಿರುಗಿಸಿ. ಗುರಿಯನ್ನು ಮೇಲೆ ಹೇಳಿದ 402ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 3,160 ಕಟ್ಟಬೇಕು ಅಂತ ಬರುತ್ತೆ. ದರ ಶೇ 8 ಮಾತ್ರ ಸಿಕ್ಕರೆ 340ರಿಂದ ಭಾಗಿಸಿ, 3,730ರ ಹತ್ತಿರ ಬರುತ್ತೆ. ಅಂದರೆ ಅವನು ಅಂದುಕೊಂಡ 3,000 ಗುರಿಗೆ ಹತ್ತಿರ ಇದೆ, ಆದರೆ ಸಾಲದು. ಹನ್ನೊಂದು ಲಕ್ಷ ಉಳಿಯುವ ಮಾತಂತೂ ಇಲ್ಲ.

ಕೈಸಾಲ ಇದ್ದರೆ ಲೆಕ್ಕವೇ ಬೇರೆ

ಮಾತಾಡ್ತಾ ಇನ್ನೊಂದು ವಿಷಯ ಹೊರಬಂತು. ಬೋರ್‌ವೆಲ್ ಮೋಟಾರ್ ಸುಟ್ಟಾಗ ಅವನು ಊರಲ್ಲೇ 50,000 ಕೈಸಾಲ ತಗೊಂಡಿದ್ದಾನೆ. ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 1,000 ಬಡ್ಡಿ ಕಟ್ಟುತ್ತಾ ಬಂದಿದ್ದಾನೆ, ಅಸಲು ಹಾಗೇ ಇದೆ. "ಎರಡು ರೂಪಾಯಿ ಅಷ್ಟೇ ಅಲ್ವಾ ಅಣ್ಣ, ಫಂಡ್‌ನಲ್ಲಿ ಹನ್ನೆರಡು ಬರುತ್ತಲ್ಲ" ಅಂದ.

ಈ ಮಾತನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೀನಿ. ನೂರಕ್ಕೆ ಎರಡು ಅನ್ನೋದು ತಿಂಗಳಿಗೆ. ಫಂಡ್‌ನ ಹನ್ನೆರಡು ಅನ್ನೋದು ವರ್ಷಕ್ಕೆ. ಒಂದೇ ಅಳತೆಗೆ ತಂದರೆ ಸಾಲ ವರ್ಷಕ್ಕೆ ಶೇ 24. ಅದು ಖಾತ್ರಿಯಾಗಿ ಹೋಗುವ ದುಡ್ಡು. ಫಂಡ್‌ನದ್ದು ಅಂದಾಜು.

ಅವನ ಜೇಬಿನಿಂದ ತಿಂಗಳಿಗೆ ಹೋಗಬಹುದಾದ್ದು ಒಟ್ಟು 4,000: ಕಂತಿಗೆ 3,000, ಬಡ್ಡಿಗೆ 1,000. ಅದೇ 4,000ವನ್ನು ಎರಡು ದಾರಿಯಲ್ಲಿ ಹಾಕಿ ನೋಡಿದೆವು. ಫಂಡ್‌ಗೆ ಎರಡರಲ್ಲೂ ಶೇ 10.

ಮೊದಲ ದಾರಿ: ಈಗಿನಂತೆ 1,000 ಬಡ್ಡಿ ಕಟ್ಟುತ್ತಾ 3,000 ಫಂಡ್‌ಗೆ ಹಾಕೋದು. 15 ವರ್ಷಕ್ಕೆ 12.05 ಲಕ್ಷ ಆಗುತ್ತೆ. ಆದರೆ 50,000 ಅಸಲು ಇನ್ನೂ ತಲೆ ಮೇಲೆ ಇದೆ. ಅದನ್ನು ತೀರಿಸಿದರೆ ಉಳಿಯೋದು 11.55 ಲಕ್ಷ. ಅಷ್ಟರಲ್ಲಿ ಬಡ್ಡಿಯೊಂದೇ 1.80 ಲಕ್ಷ ಕಟ್ಟಿರ್ತಾನೆ.

ಎರಡನೇ ದಾರಿ: ಫಂಡ್ ಸದ್ಯಕ್ಕೆ ಬೇಡ, ಪೂರ್ತಿ 4,000 ಸಾಲಕ್ಕೆ. ಮೊದಲ ತಿಂಗಳು 1,000 ಬಡ್ಡಿಗೆ, 3,000 ಅಸಲಿಗೆ ಹೋಗಿ ಸಾಲ 47,000ಕ್ಕೆ ಇಳಿಯುತ್ತೆ. ಮುಂದಿನ ತಿಂಗಳು ಬಡ್ಡಿ 940 ಮಾತ್ರ, ಅಸಲಿಗೆ 3,060. ಹೀಗೆ 15 ತಿಂಗಳಿಗೆ ಸಾಲ ಪೂರ್ತಿ ತೀರುತ್ತೆ. ಆಮೇಲೆ ಉಳಿದ 165 ತಿಂಗಳು 4,000ವನ್ನೂ ಫಂಡ್‌ಗೆ ಕಟ್ಟಿದರೆ 13.69 ಲಕ್ಷ ಆಗುತ್ತೆ.

ಫಂಡ್ ಶುರು ಮಾಡಿದ್ದು ಒಂದೂಕಾಲು ವರ್ಷ ತಡವಾಗಿ, ಆದರೂ ಕೊನೆಗೆ ಎರಡು ಲಕ್ಷಕ್ಕಿಂತ ಹೆಚ್ಚು. ಜೊತೆಗೆ 12.69 ಲಕ್ಷದ ಗುರಿಯೂ ಮುಟ್ಟಿತು. ದರ ಶೇ 8ಕ್ಕೆ ಇಳಿದರೆ 11.77 ಲಕ್ಷ ಬರುತ್ತೆ, ಆಗ ಸುಮಾರು 92,000 ಕೊರತೆ. ಅಷ್ಟನ್ನು ಹೊಂದಿಸೋದು ದೊಡ್ಡ ಮಾತಲ್ಲ.

ಒಂದು ಎಚ್ಚರಿಕೆ. ಈ ದಾರಿ ನಡೆಯಬೇಕಾದರೆ ಸಾಲ ಕೊಟ್ಟವರು ಅಸಲನ್ನು ಕಂತಿನಲ್ಲಿ ತಗೊಂಡು, ಇಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಬೇಕು. ಅದನ್ನು ಮೊದಲೇ ಮಾತಾಡಿ, ಪ್ರತಿ ಸಲ ಬರೆಸಿಕೊಳ್ಳಿ. ಒಪ್ಪದಿದ್ದರೆ ತಿಂಗಳಿಗೆ 3,000ದಂತೆ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿ, 50,000 ಆದ ದಿನ ಒಟ್ಟಿಗೆ ಕೊಟ್ಟು ಮುಗಿಸಿ. ಇನ್ನು ಸಹಕಾರ ಸಂಘದ ಬೆಳೆ ಸಾಲದ ಮಾತು ಬೇರೆ. ಅಲ್ಲಿ ಗಡುವಿನೊಳಗೆ ಕಟ್ಟಿದರೆ ಬಡ್ಡಿ ರಿಯಾಯಿತಿ ಸಿಗುತ್ತೆ, ಅಂಥ ಸಾಲವನ್ನು ಅವಸರದಲ್ಲಿ ತೀರಿಸಬೇಕಿಲ್ಲ. ಆದರೆ ಗಡುವು ತಪ್ಪಬಾರದು. ಫಂಡ್ ಕಂತು ಕಟ್ಟೋಕೆ ಹೋಗಿ ಸಂಘದ ಗಡುವು ತಪ್ಪಿಸಿಕೊಂಡರೆ ರಿಯಾಯಿತಿಯೇ ಕೈತಪ್ಪುತ್ತೆ.

ಹಾಲು ಬತ್ತಿದ ತಿಂಗಳು

ಸೂತ್ರಕ್ಕೆ 180 ಕಂತೂ ತಪ್ಪದೆ ಬೇಕು. ಹಸು ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸ್ತೀವಿ, ಆಗ ಬಟವಾಡೆ ಅರ್ಧ ಆಗುತ್ತೆ. ವರ್ಷಕ್ಕೆ ಎರಡು ಕಂತು ತಪ್ಪಿದರೆ ಕೊನೆಯ ಮೊತ್ತವೂ ಸುಮಾರಾಗಿ ಆರರಲ್ಲಿ ಒಂದು ಭಾಗ ಕಡಿಮೆ ಆಗುತ್ತೆ. 12 ಲಕ್ಷದ ಅಂದಾಜು 10 ಲಕ್ಷಕ್ಕೆ ಬರುತ್ತೆ.

ಹಾಗಾಗಿ ಅಂದಾಜು ಮಾಡುವಾಗಲೇ ಕೊರತೆಯ ತಿಂಗಳು ಹಿಡಿದು ಮಾಡಿ. ವರ್ಷಕ್ಕೆ ಹತ್ತು ಕಂತು ಮಾತ್ರ ಸಾಧ್ಯ ಅನ್ನಿಸಿದರೆ ಬಂದ ಉತ್ತರವನ್ನು 10ರಿಂದ ಗುಣಿಸಿ 12ರಿಂದ ಭಾಗಿಸಿ. ಇಲ್ಲವೇ ತೆಂಗಿನಕಾಯಿ ಮಾರಿದಾಗ ಎರಡು ಕಂತಿನ ದುಡ್ಡು ಖಾತೆಯಲ್ಲಿ ಹೆಚ್ಚಿಗೆ ಬಿಟ್ಟಿರಿ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಹೋದರೆ ಫಂಡ್ ಕಂಪನಿ ದಂಡ ಹಾಕಲ್ಲ, ಆದರೆ ಬ್ಯಾಂಕ್ ಶುಲ್ಕ ಹಿಡಿಯಬಹುದು. ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿ ತಾನಾಗಿ ರದ್ದಾಗುತ್ತೆ. ಮೊದಲೇ ಗೊತ್ತಿದ್ದರೆ ಆ್ಯಪ್‌ನಲ್ಲಿ ಕೆಲವು ತಿಂಗಳು ತಡೆಹಿಡಿಯುವ ಅವಕಾಶ ಇದೆಯಾ ನೋಡಿ, ಅದನ್ನು ಬಳಸಿ.

ತೆರಿಗೆ ಎಷ್ಟು ಹೋಗುತ್ತೆ?

ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ ಅಂತ ಫಂಡ್‌ನ ಲಾಭಕ್ಕೂ ಇಲ್ಲ ಅಂದುಕೊಳ್ಳಬೇಡಿ. 2024ರ ಜುಲೈ 23ರಿಂದ ಇರುವ ನಿಯಮದಂತೆ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟ ಷೇರು ಫಂಡ್ ಮಾರಿದಾಗ, ಆ ಹಣಕಾಸು ವರ್ಷದಲ್ಲಿ 1.25 ಲಕ್ಷ ದಾಟಿದ ಲಾಭಕ್ಕೆ ಶೇ 12.5 ತೆರಿಗೆ. ನಮ್ಮ ಎರಡನೇ ದಾರಿಯಲ್ಲಿ ಕಟ್ಟಿದ್ದು 6.60 ಲಕ್ಷ, ಲಾಭ 7.09 ಲಕ್ಷ. ಒಂದೇ ದಿನ ಎಲ್ಲವನ್ನೂ ಮಾರಿದರೆ ತೆರಿಗೆ 73,000 ರೂಪಾಯಿಯಷ್ಟಾಗಬಹುದು. ಮೂರು ನಾಲ್ಕು ವರ್ಷದಲ್ಲಿ ಹಂಚಿ ತೆಗೆದರೆ ಪ್ರತಿ ವರ್ಷವೂ 1.25 ಲಕ್ಷದ ವಿನಾಯಿತಿ ಸಿಗುತ್ತೆ. ಮಾರುಕಟ್ಟೆ ಕುಸಿತದಿಂದ ಕಾಯುವ ದಾರಿಯೇ ತೆರಿಗೆಯನ್ನೂ ಇಳಿಸುತ್ತೆ. ಬೇರೆ ತೆರಿಗೆಯೋಗ್ಯ ಆದಾಯ ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ ಆಗಬಹುದು. ಮಾರುವ ವರ್ಷ ಆಗಿನ ನಿಯಮ ನೋಡಿಕೊಳ್ಳಿ.

ವರ್ಷಕ್ಕೊಮ್ಮೆ ಅಂದಾಜು ತಿದ್ದಿ

ಹದಿನೈದು ವರ್ಷಕ್ಕೆ ಒಂದೇ ಸಲ ಲೆಕ್ಕ ಹಾಕಿ ಬಿಡೋದಲ್ಲ. ವರ್ಷಕ್ಕೆ ಒಂದು ದಿನ ಗೊತ್ತು ಮಾಡಿಕೊಂಡು ಆಗ ಕೂಡಿರುವ ಮೊತ್ತ ಮತ್ತು ಉಳಿದ ತಿಂಗಳು ಹಾಕಿ ಮತ್ತೆ ನೋಡಿ. ನಮ್ಮ ಹುಡುಗ ಸಾಲ ತೀರಿಸಿ 4,000ದಂತೆ ಐದು ವರ್ಷ ಕಟ್ಟಿದ ಅಂದುಕೊಳ್ಳಿ. ಶೇ 10ರ ಅಂದಾಜಿನಂತೆ 3.09 ಲಕ್ಷ ಇರಬೇಕು. ಆದರೆ ಆ್ಯಪ್‌ನಲ್ಲಿ 2.60 ಲಕ್ಷ ಮಾತ್ರ ಇದೆ. ಉಳಿದದ್ದು 105 ತಿಂಗಳು. ಆಗ ಹೀಗೆ ಹಾಕಬೇಕು:

```
=FV(1.1^(1/12)-1,105,-4000,-260000,1)
```

ಉತ್ತರ 12.57 ಲಕ್ಷ. ಗುರಿ 12.69 ಲಕ್ಷ. ಹಿಂದೆ ಬಿದ್ದದ್ದು 49,000 ಅಂತ ಕಂಡರೂ ಗುರಿಗೆ ಕೊರತೆ 12,000 ಮಾತ್ರ, ಯಾಕಂದರೆ ಮೊದಲ ಅಂದಾಜಿನಲ್ಲಿ ಒಂದು ಲಕ್ಷ ಹೆಚ್ಚಿಗೆ ಇತ್ತು. ಅಂಥ ವರ್ಷ ಕಂತನ್ನು ನೂರು ರೂಪಾಯಿ ಏರಿಸಿದರೆ ಸಾಕು, ಕೊರತೆ ತುಂಬುತ್ತೆ. ಮಾರನೇ ವರ್ಷ ಮಾರುಕಟ್ಟೆ ಏರಿ ಅಂದಾಜು ಗುರಿಯನ್ನು ಬಹಳ ದಾಟಿದ್ದರೆ ಕಂತು ಇಳಿಸಬೇಡಿ, ಕೊನೆಯ ವರ್ಷಗಳ ಕುಸಿತಕ್ಕೆ ಅದು ಬೇಕಾಗುತ್ತೆ.

ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟು: ಹದಿನೈದು ಲಕ್ಷ ಅಂತ ಬರೆದುಕೊಳ್ಳಬೇಡ, ಹನ್ನೆರಡೂವರೆ ಲಕ್ಷದ ಗುರಿ ಇಟ್ಟುಕೋ, ಮೊದಲು ಮೋಟಾರ್ ಸಾಲ ಮುಗಿಸು. ಈ ತಿಂಗಳ ಬಟವಾಡೆಯಿಂದ ಅವನು ಸಾಲಕ್ಕೆ 4,000 ಕೊಟ್ಟಿದ್ದಾನೆ. ಇನ್ನು ಹದಿನಾಲ್ಕು ಕಂತು ಬಾಕಿ.